ಎರಡನೇ ವರ್ಷದ ಬಿಲ್ಲು

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಮೈತ್ರಿವನಂ ಸುತ್ತ ಒಂದು ಸುತ್ತು ಹಾಕಿದರೆ ಸಾಫ್ಟ್‌ವೇರ್ ಕೋರ್ಸುಗಳ ಬೋರ್ಡುಗಳು ಕಣ್ಣಿಗೆ ರಾಚುತ್ತವೆ. ಅಲ್ಲಿ ಮೂರು ತಿಂಗಳು ಕಲಿತ ಹುಡುಗರು ವೆಬ್‌ಸೈಟ್ ಮಾಡಿಕೊಡುವುದನ್ನೇ ಕಸುಬಾಗಿಸಿಕೊಂಡಿರುವುದೂ ಉಂಟು. ಅವರಲ್ಲಿ ಒಳ್ಳೆಯ ಕೆಲಸಗಾರರು ಬೇಕಾದಷ್ಟಿದ್ದಾರೆ. ಆದರೆ ಅವರು ಹೇಳುವ ಬೆಲೆ ಸೈಟನ್ನು ಕಟ್ಟುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಐದು ಸಾವಿರಕ್ಕೋ ಇಪ್ಪತ್ತು ಸಾವಿರಕ್ಕೋ ‘ಎಲ್ಲ ಸೇರಿ’ ಎಂದು ಮಾತು ಮುಗಿದಾಗ ಆ ‘ಎಲ್ಲ’ದ ಆಯುಷ್ಯ ಸಾಮಾನ್ಯವಾಗಿ ಹನ್ನೆರಡು ತಿಂಗಳು. ಹದಿಮೂರನೆಯ ತಿಂಗಳಲ್ಲಿ ಬರುವ ಬಿಲ್ಲೇ ನಿಜವಾದ ಬೆಲೆ.

ಲೆಕ್ಕ ಹಾಕಲು ಒಂದು ವ್ಯಾಪಾರವನ್ನು ಕಲ್ಪಿಸಿಕೊಳ್ಳೋಣ. ಕಾಚಿಗುಡದ ಆಸುಪಾಸಿನಲ್ಲಿ ಕನ್ನಡ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ನೃಪತುಂಗ ಶಾಲೆ ಅಲ್ಲಿದೆ, ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿದೆ. ಅಂಥ ಒಂದು ಮನೆಯವರು ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುವ ಕೇಟರಿಂಗ್ ನಡೆಸುತ್ತಾರೆ ಎಂದಿಟ್ಟುಕೊಳ್ಳಿ. ಮಗ ಒತ್ತಾಯ ಮಾಡಿ 18,000 ರೂಪಾಯಿಗೆ ಒಂದು ಸೈಟ್ ಮಾಡಿಸಿದ್ದಾನೆ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಸೈಟು, ಹತ್ತು ಪುಟ, ಊಟದ ಮೆನು, ಫೋಟೋಗಳು, ವಿಚಾರಿಸುವವರಿಗೆ ಒಂದು ಫಾರ್ಮ್, ಮೂವರಿಗೆ ಅಂಗಡಿ ಹೆಸರಿನ ಇಮೇಲ್. ಈ ಕುಟುಂಬ ನನ್ನ ಕಲ್ಪನೆಯದು. ಕೆಳಗಿನ ದರಗಳು ಕೂಡ ಯಾವುದೇ ಕಂಪನಿಯ ದರಪಟ್ಟಿಯಲ್ಲ, ಸಾಧಾರಣವಾಗಿ ಕಾಣುವ ಬೆಲೆಗಳ ನಡುವೆ ಹಿಡಿದುಕೊಂಡ ಅಂದಾಜು. ನಿಮ್ಮ ಅಂಕಿಗಳನ್ನು ಅಲ್ಲಿ ಇಟ್ಟುಕೊಂಡು ಓದಿ.

ಮೊದಲು ಡೊಮೈನ್, ಅಂದರೆ ಸೈಟಿನ ಹೆಸರು. ಹೆಸರನ್ನು ಯಾರೂ ಕೊಳ್ಳುವುದಿಲ್ಲ, ವರ್ಷದ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ ಅಷ್ಟೆ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಬಹುದು. `.in` ಹೆಸರುಗಳ ಮೂಲ ದಾಖಲೆ ಇರುವುದು ನಮ್ಮದೇ ನಿಕ್ಸಿ ಸಂಸ್ಥೆಯಲ್ಲಿ. `.com` ಹೆಸರುಗಳದ್ದು ಅಮೆರಿಕದ ವೆರಿಸೈನ್ ಕಂಪನಿಯಲ್ಲಿ. ವೆರಿಸೈನ್ ತನ್ನ ಸಗಟು ಬೆಲೆಯನ್ನು 2021ರವರೆಗೆ 7.85 ಡಾಲರಿನಲ್ಲಿ ಇಟ್ಟಿತ್ತು. ಆಮೇಲೆ ನಾಲ್ಕು ವರ್ಷ ಸಾಲಾಗಿ ಏರಿಸುತ್ತ 2024ರ ಸೆಪ್ಟೆಂಬರಿನಲ್ಲಿ 10.26 ಡಾಲರಿಗೆ ತಂದಿತು. ಚಿಲ್ಲರೆ ಮಾರುವ ರಿಜಿಸ್ಟ್ರಾರ್ ಇದಕ್ಕಿಂತ ಕಡಿಮೆಗೆ ಮೊದಲ ವರ್ಷ ಕೊಟ್ಟನೆಂದರೆ ಅವನು ತನ್ನ ಕೈಯಿಂದ ಹಾಕಿ ಕೊಡುತ್ತಿದ್ದಾನೆ ಎಂದೇ ಅರ್ಥ. ಅದನ್ನು ಎರಡನೇ ವರ್ಷದಿಂದ ವಸೂಲು ಮಾಡುತ್ತಾನೆ. ನಮ್ಮ ಕೇಟರಿಂಗ್‌ನವರು ಎರಡೂ ಹೆಸರು ಹಿಡಿದಿದ್ದಾರೆ. ನವೀಕರಣಕ್ಕೆ `.com` 1,100, `.in` 800, ಎರಡಕ್ಕೂ ಶೇ 18 ಜಿಎಸ್‌ಟಿ ಸೇರಿ 2,242 ರೂಪಾಯಿ.

ಇಡೀ ಬಿಲ್ಲಿನಲ್ಲಿ ಅತಿ ಚಿಕ್ಕ ಸಾಲು ಇದು. ತಪ್ಪಿದರೆ ಅತಿ ದುಬಾರಿಯಾಗುವ ಸಾಲೂ ಇದೇ. ಹೆಸರಿನ ಅವಧಿ ಮುಗಿದರೆ ಸೈಟ್ ಮಾತ್ರವಲ್ಲ, ಆ ಹೆಸರಿನ ಇಮೇಲೂ ನಿಲ್ಲುತ್ತದೆ. `.com` ಹೆಸರಾದರೆ ಅವಧಿ ಮುಗಿದ ಮೇಲೆ ಗರಿಷ್ಠ 45 ದಿನಗಳವರೆಗೆ ಮಾಮೂಲಿ ದರಕ್ಕೆ ನವೀಕರಿಸುವ ಅವಕಾಶವನ್ನು ರಿಜಿಸ್ಟ್ರಾರ್ ಕೊಡಬಹುದು. ಕೊಡಲೇಬೇಕೆಂದಿಲ್ಲ. ಆಮೇಲಿನ 30 ದಿನ ದಂಡದ ಕಾಲ. ಆಗ ಹೆಸರನ್ನು ಬಿಡಿಸಿಕೊಳ್ಳಲು ನವೀಕರಣದ ಹಣವಲ್ಲದೆ ಬೇರೆ ಸಾವಿರಾರು ರೂಪಾಯಿ ಕೇಳುತ್ತಾರೆ. ಅದೂ ಕಳೆದರೆ ಐದು ದಿನ ಹೆಸರು ಯಾರ ಕೈಗೂ ಸಿಗದೆ ಇದ್ದು, ನಂತರ ಮೊದಲು ಬಂದವರ ಪಾಲಾಗುತ್ತದೆ. ಹಳೆಯ ಹೆಸರುಗಳಿಗಾಗಿಯೇ ಕಾಯುವವರಿದ್ದಾರೆ.

ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ, ಮತ್ತೆ ಒಂದು ವಾರ ಮುಂಚೆ, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ರಿಜಿಸ್ಟ್ರಾರ್ ನೆನಪಿಸಬೇಕೆಂಬ ನಿಯಮ `.com` ಹೆಸರುಗಳಿಗಿದೆ. ಆದರೂ ಜನ ತಪ್ಪುತ್ತಾರೆ. ಏಕೆಂದರೆ ಆ ಪತ್ರ ಹೋಗುವುದು ನೋಂದಣಿಯಲ್ಲಿ ಬರೆದ ವಿಳಾಸಕ್ಕೆ, ಅದು ಸಾಮಾನ್ಯವಾಗಿ ಸೈಟ್ ಮಾಡಿದ ಹುಡುಗನದ್ದು. ಅವನಿಗೆ ಈಗ ಗಚ್ಚಿಬೌಲಿಯಲ್ಲಿ ಕೆಲಸ ಸಿಕ್ಕಿದೆ, ಆ ಇಮೇಲನ್ನು ಅವನು ತೆರೆಯುವುದೇ ಇಲ್ಲ. ಇನ್ನು ಕೆಲವರು ಜಾಣತನದಿಂದ ತಮ್ಮ ಅಂಗಡಿ ಹೆಸರಿನ ಇಮೇಲನ್ನೇ ಕೊಟ್ಟಿರುತ್ತಾರೆ. ಹೆಸರು ನಿಂತ ದಿನ ಆ ಇಮೇಲೂ ನಿಲ್ಲುವುದರಿಂದ ಕೊನೆಯ ಎಚ್ಚರಿಕೆ ಮುಟ್ಟುವುದಿಲ್ಲ. ನಿಮ್ಮ ಹೆಸರು ಎಲ್ಲಿಯವರೆಗೆ ಇದೆ ಎಂದು ನೋಡಲು ಯಾರನ್ನೂ ಕೇಳಬೇಕಿಲ್ಲ. `lookup.icann.org` ತೆರೆದು ನಿಮ್ಮ `.com` ಹೆಸರು ಕೊಟ್ಟರೆ ಯಾವ ರಿಜಿಸ್ಟ್ರಾರ್ ಬಳಿ ಇದೆ, ಯಾವ ದಿನ ಮುಗಿಯುತ್ತದೆ ಎರಡೂ ಸಿಗುತ್ತವೆ. ಆ ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲದಿದ್ದರೆ ಹೆಸರು ನಿಮ್ಮ ಹಿಡಿತದಲ್ಲಿಲ್ಲ ಎಂದೇ ತಿಳಿಯಿರಿ.

ಕಾರ್ಡಿನಲ್ಲಿ ‘ಆಟೋ ರಿನ್ಯೂ’ ಹಾಕಿದ್ದೇವಲ್ಲ ಎಂದು ನೆಮ್ಮದಿಯಿಂದ ಇರುವವರೂ ಇದ್ದಾರೆ. ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲೇ ಇ-ಮ್ಯಾಂಡೇಟ್ ನೋಂದಾಯಿಸಿರಬೇಕು, ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ನಿಮಗೆ ತಿಳಿಸಬೇಕು. ಗ್ರಾಹಕರ ಪಾಲಿಗೆ ಒಳ್ಳೆಯ ನಿಯಮ. ಆದರೆ ಈ ವ್ಯವಸ್ಥೆಗೆ ಸೇರದ ಎಷ್ಟೋ ವಿದೇಶಿ ಮಾರಾಟಗಾರರ ಆಟೋ ರಿನ್ಯೂ ನಮ್ಮ ಕಾರ್ಡುಗಳಲ್ಲಿ ಸದ್ದಿಲ್ಲದೆ ವಿಫಲವಾಗುತ್ತದೆ. ಡಾಲರಿನಲ್ಲಿ ಕೊಂಡ ಯಾವುದೇ ಸೇವೆಗೆ ಆಟೋ ರಿನ್ಯೂ ನಂಬಿ ಕೂರಬೇಡಿ. ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು ಕೈಯಾರೆ ಕಟ್ಟಿ.

ಎರಡನೆಯದು ಹೋಸ್ಟಿಂಗ್, ಅಂದರೆ ಸೈಟ್ ಇರುವ ಸರ್ವರಿನ ಬಾಡಿಗೆ. ಜಾಹೀರಾತಿನಲ್ಲಿ ತಿಂಗಳಿಗೆ 149 ಎಂದು ದಪ್ಪಕ್ಷರದಲ್ಲಿ ಇದ್ದರೆ ಅದರ ಕೆಳಗಿನ ಸಣ್ಣ ಸಾಲು ಓದಬೇಕು. ಅಲ್ಲಿ ಮೂರೋ ನಾಲ್ಕೋ ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ಮಾತ್ರ ಈ ದರ, ನಂತರ ಇಂತಿಷ್ಟು ಎಂದು ಇರುತ್ತದೆ. ಆ ‘ನಂತರ’ದ ದರ ಎರಡು ಪಟ್ಟು, ಮೂರು ಪಟ್ಟು ಇರುವುದು ಮಾಮೂಲು. ನಮ್ಮ ಲೆಕ್ಕದಲ್ಲಿ ತಿಂಗಳಿಗೆ 399 ಎಂದು ಹಿಡಿದರೆ ವರ್ಷಕ್ಕೆ 4,788, ತೆರಿಗೆ ಸೇರಿ 5,650. ಇದರ ಜೊತೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಎಂದು ಎರಡು ಮೂರು ಸಾವಿರದ ಇನ್ನೊಂದು ಸಾಲು ಬಿಲ್ಲಿನಲ್ಲಿ ಕಂಡರೆ ಪ್ರಶ್ನಿಸಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ಹತ್ತು ವರ್ಷದಿಂದ ಇದನ್ನು ಉಚಿತವಾಗಿ ಕೊಡುತ್ತಿದೆ, ಹೆಚ್ಚಿನ ಹೋಸ್ಟಿಂಗ್‌ಗಳು ಅದನ್ನು ತಾವೇ ಅಳವಡಿಸುತ್ತವೆ. ಕೇಟರಿಂಗ್ ಸೈಟಿಗೆ ಅದು ಧಾರಾಳ ಸಾಕು. ಅಂದಹಾಗೆ ಅಮೆಜಾನ್ 2022ರ ನವೆಂಬರಿನಲ್ಲಿ ಹೈದರಾಬಾದಿನಲ್ಲೇ ಕ್ಲೌಡ್ ಕೇಂದ್ರ ತೆರೆದಿದೆ. ಊರಿನಲ್ಲೇ ಸರ್ವರ್ ಇದೆ ಎಂದು ಯಾರಾದರೂ ಹೆಚ್ಚು ಹಣ ಕೇಳಿದರೆ ಕೊಡಬೇಡಿ, ಹತ್ತು ಪುಟದ ಸೈಟಿಗೆ ಅದರಿಂದ ಕಣ್ಣಿಗೆ ಕಾಣುವ ಪ್ರಯೋಜನವೇನೂ ಇಲ್ಲ.

ಮೂರನೆಯದು ಇಮೇಲ್. ಮೂವರಿಗೆ ತಲಾ ತಿಂಗಳಿಗೆ 100 ರೂಪಾಯಿಯಂತೆ ವರ್ಷಕ್ಕೆ, ತೆರಿಗೆ ಸೇರಿ 4,248.

ಇಲ್ಲಿಯವರೆಗಿನದ್ದನ್ನು ಎಲ್ಲರೂ ಕೇಳಿ ತಿಳಿದುಕೊಳ್ಳುತ್ತಾರೆ. ಲೆಕ್ಕ ತಪ್ಪುವುದು ಪ್ಲಗಿನ್‌ಗಳಲ್ಲಿ. ವರ್ಡ್‌ಪ್ರೆಸ್ ಉಚಿತ. ಆದರೆ ಅದರ ಮೇಲೆ ಪುಟಗಳನ್ನು ಎಳೆದು ಜೋಡಿಸುವ ಪೇಜ್ ಬಿಲ್ಡರ್, ಫಾರ್ಮ್, ಬ್ಯಾಕಪ್, ಸೆಕ್ಯೂರಿಟಿ ಎಂದು ಒಂದೊಂದು ಪ್ಲಗಿನ್ ಕೂರಿಸುತ್ತಾರೆ. ಉಚಿತ ಆವೃತ್ತಿಯಲ್ಲಿ ಇಲ್ಲದ ಯಾವುದೋ ಒಂದು ಸೌಲಭ್ಯಕ್ಕಾಗಿ ‘ಪ್ರೋ’ ಕೊಳ್ಳುತ್ತಾರೆ. ಇವು ಬಹುತೇಕ ವರ್ಷದ ಲೈಸೆನ್ಸುಗಳು, ಬೆಲೆ ಡಾಲರಿನಲ್ಲಿ. ಮೊದಲ ವರ್ಷ ಅರ್ಧ ಬೆಲೆ ಎಂಬ ಆಮಿಷ ಇಲ್ಲೂ ಇದೆ. ನಮ್ಮ ಸೈಟಿನಲ್ಲಿ ಎರಡೇ ಎರಡು ಪ್ರೋ ಪ್ಲಗಿನ್ ಇವೆ ಎನ್ನೋಣ. ಪೇಜ್ ಬಿಲ್ಡರ್ ವರ್ಷಕ್ಕೆ 60 ಡಾಲರ್, ಫಾರ್ಮ್ ಪ್ಲಗಿನ್ ರಿಯಾಯಿತಿ ಮುಗಿದ ಮೇಲೆ 100 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 14,400. ವಿದೇಶಿ ಹಣದ ವಹಿವಾಟಿಗೆಂದು ಕ್ರೆಡಿಟ್ ಕಾರ್ಡ್ ಶೇ 3.5 ಸೇರಿಸುತ್ತದೆ, ಅದು 504. ಆ 504ರ ಮೇಲೆ ಜಿಎಸ್‌ಟಿ 91.

ಇಷ್ಟಕ್ಕೇ ಮುಗಿಯುವುದಿಲ್ಲ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ವಿದೇಶದಿಂದ ಸೇವೆ ಕೊಂಡರೆ ಅದರ ತೆರಿಗೆಯನ್ನು ಕೊಂಡವನೇ ಕಟ್ಟಬೇಕು, ರಿವರ್ಸ್ ಚಾರ್ಜ್ ಎನ್ನುವುದು ಇದಕ್ಕೇ. 14,400ಕ್ಕೆ ಶೇ 18ರಂತೆ 2,592. ಬಟ್ಟೆ ಅಂಗಡಿಯವನಾದರೆ ಇದನ್ನು ಕಟ್ಟಿ ಇನ್‌ಪುಟ್ ಕ್ರೆಡಿಟ್ ಆಗಿ ಮರಳಿ ಪಡೆಯುತ್ತಾನೆ, ಹಾಗಾಗಿ ಅವನಿಗೆ ಅದು ಖರ್ಚಲ್ಲ. ಆದರೆ ಸಾಮಾನ್ಯ ಹೋಟೆಲು ಮತ್ತು ಕೇಟರಿಂಗ್ ವ್ಯಾಪಾರ ಶೇ 5ರ ಜಿಎಸ್‌ಟಿಯಲ್ಲಿದೆ, ಆ ದರದ ಷರತ್ತೇ ಇನ್‌ಪುಟ್ ಕ್ರೆಡಿಟ್ ಇಲ್ಲ ಎನ್ನುವುದು. ಹೋಟೆಲುಗಳಿಗೆ ಇದು 2017ರ ನವೆಂಬರಿನಿಂದ, ಹೊರಾಂಗಣ ಕೇಟರಿಂಗ್‌ಗೆ 2019ರ ಅಕ್ಟೋಬರಿನಿಂದ ಬಂತು. ಹೈದರಾಬಾದಿನ ಉಡುಪಿ ಹೋಟೆಲಿನವರು, ಕೇಟರಿಂಗ್‌ನವರು ಸೈಟಿಗೆ ಕಟ್ಟುವ ಪ್ರತಿಯೊಂದು ಶೇ 18ರ ತೆರಿಗೆಯೂ ಕೈಬಿಟ್ಟ ಹಣವೇ. ಡೊಮೈನ್, ಹೋಸ್ಟಿಂಗ್, ಇಮೇಲಿನ ತೆರಿಗೆಯೂ ಹಾಗೆಯೇ. ‘ಪ್ಲಸ್ ಜಿಎಸ್‌ಟಿ, ಅದು ನಿಮಗೆ ವಾಪಸ್ ಸಿಗುತ್ತದೆ ಬಿಡಿ ಸಾರ್’ ಎಂದು ಮಾರಾಟದವರು ಹೇಳುವುದು ಈ ಕಸುಬಿನವರಿಗೆ ಅನ್ವಯಿಸುವುದಿಲ್ಲ. ಹೀಗೆ 160 ಡಾಲರಿನ ಪ್ಲಗಿನ್‌ಗಳು ಮನೆ ಮುಟ್ಟುವ ಹೊತ್ತಿಗೆ 17,587 ರೂಪಾಯಿ ಆಗಿರುತ್ತವೆ. ಸೈಟ್ ಕಟ್ಟಿಸಿದ ಬೆಲೆಯ ಹತ್ತಿರಕ್ಕೇ ಬಂತು.

ಕಟ್ಟದೆ ಬಿಟ್ಟರೆ ಏನಾಗುತ್ತದೆ? ಡೊಮೈನ್ ನಿಂತರೆ ಸೈಟ್ ಮಾಯವಾಗುತ್ತದೆ, ಹೋಸ್ಟಿಂಗ್ ನಿಂತರೂ ಅಷ್ಟೆ. ಪ್ಲಗಿನ್ ಲೈಸೆನ್ಸ್ ಮುಗಿದರೆ ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. ಅಪಾಯ ಇರುವುದೂ ಅಲ್ಲೇ. ವರ್ಡ್‌ಪ್ರೆಸ್ ಪ್ಲಗಿನ್‌ಗಳು ಬಹುತೇಕ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಬರುತ್ತವೆ. ನೀವು ವರ್ಷಕ್ಕೆ ಕಟ್ಟುವುದು ಹೊಸ ಆವೃತ್ತಿಗಳಿಗೆ ಮತ್ತು ಸಹಾಯಕ್ಕೆ. ಲೈಸೆನ್ಸ್ ಮುಗಿದ ಮೇಲೂ ಫಾರ್ಮ್ ತುಂಬಬಹುದು, ಪುಟ ತೆರೆಯುತ್ತದೆ. ಅಪ್‌ಡೇಟ್ ಮಾತ್ರ ಬರುವುದಿಲ್ಲ. ಆ ಪ್ಲಗಿನ್‌ನಲ್ಲಿ ಯಾವತ್ತೋ ಒಂದು ಭದ್ರತಾ ದೋಷ ಹೊರಬಿದ್ದು, ತಯಾರಕರು ತಿದ್ದಿ ಹೊಸ ಆವೃತ್ತಿ ಬಿಟ್ಟಾಗ ಅದು ನಿಮಗೆ ಮುಟ್ಟುವುದಿಲ್ಲ, ಆದರೆ ದೋಷ ಯಾವುದೆಂಬ ಸುದ್ದಿ ಕಳ್ಳರಿಗೆ ಮುಟ್ಟಿರುತ್ತದೆ. ಡ್ಯಾಶ್‌ಬೋರ್ಡಿನ ಪ್ಲಗಿನ್ ಪುಟದಲ್ಲಿ ಹೊಸ ಆವೃತ್ತಿ ಇದೆ ಎಂಬುದರ ಪಕ್ಕದಲ್ಲಿ `Automatic update is unavailable for this plugin` ಎಂದು ಕಂಡರೆ ಲೈಸೆನ್ಸ್ ಮುಗಿದಿರುವ, ಇಲ್ಲವೇ ಮೊದಲಿನಿಂದಲೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಮೊದಲಿನಿಂದಲೂ ಇಲ್ಲದಿರುವುದು ಎಂದರೆ ಮೂರು ಬಗೆ. ಸೈಟ್ ಮಾಡಿದವನು ಹತ್ತಾರು ಸೈಟುಗಳಿಗೆ ನಡೆಯುವ ತನ್ನ ಏಜೆನ್ಸಿ ಲೈಸೆನ್ಸನ್ನು ನಿಮ್ಮಲ್ಲೂ ಹಾಕಿರುತ್ತಾನೆ. ಅದು ಕಾನೂನಿಗೆ ಸರಿಯೇ, ಆದರೆ ನೀವು ಅವನನ್ನು ಬಿಟ್ಟ ದಿನ ಲೈಸೆನ್ಸೂ ಹೋಗುತ್ತದೆ. ಎರಡನೆಯದು, ಕೊಂಡ ಥೀಮಿನ ಜೊತೆ ಉಚಿತವಾಗಿ ಬಂದ ಪ್ಲಗಿನ್. ಅದಕ್ಕೆ ನಿಮ್ಮ ಹೆಸರಿನಲ್ಲಿ ಲೈಸೆನ್ಸೇ ಇರುವುದಿಲ್ಲ, ಥೀಮಿನವನು ತನ್ನ ಹೊಸ ಆವೃತ್ತಿಯಲ್ಲಿ ಸೇರಿಸಿ ಕೊಟ್ಟರೆ ಉಂಟು. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಎಂಬ ಪ್ಲಗಿನ್‌ನ ದೋಷ ಬಯಲಾದಾಗ ಆದದ್ದು ಇದೇ. ತಯಾರಕರು ತಿದ್ದಿದ್ದರೂ ಥೀಮುಗಳ ಒಳಗೆ ಕೂತಿದ್ದ ಹಳೆಯ ಪ್ರತಿಗಳು ಹಾಗೇ ಉಳಿದವು, ಎಷ್ಟೋ ಮಾಲೀಕರಿಗೆ ತಮ್ಮ ಸೈಟಿನಲ್ಲಿ ಆ ಪ್ಲಗಿನ್ ಇದೆ ಎಂಬುದೇ ಗೊತ್ತಿರಲಿಲ್ಲ. ಆ ಡಿಸೆಂಬರಿನಲ್ಲಿ ಸೋಕ್‌ಸೋಕ್ ಎಂಬ ಮಾಲ್‌ವೇರ್ ಆ ಕಿಂಡಿಯಿಂದಲೇ ನುಗ್ಗಿ ಜಗತ್ತಿನಾದ್ಯಂತ ಸೈಟುಗಳನ್ನು ಕೆಡಿಸಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಡೊಮೈನ್‌ಗಳನ್ನು ಗೂಗಲ್ ಕಪ್ಪುಪಟ್ಟಿಗೆ ಹಾಕಿತು. ಮೂರನೆಯದು ‘ನಲ್ಡ್’ ಪ್ರತಿ, ಲೈಸೆನ್ಸ್ ತಪಾಸಣೆಯನ್ನು ಕಿತ್ತುಹಾಕಿ ಇನ್ನೂರು ಮುನ್ನೂರಕ್ಕೋ ಪುಕ್ಕಟೆಯಾಗಿಯೋ ಸಿಗುವ ಮಾಲು. ಹೀಗೆ ಕಿತ್ತವರು ಅನೇಕ ಸಲ ತಮಗೊಂದು ಹಿಂಬಾಗಿಲನ್ನೂ ಇಟ್ಟಿರುತ್ತಾರೆ. ಕಡಿಮೆ ಬೆಲೆಗೆ ಹತ್ತು ಪ್ರೋ ಪ್ಲಗಿನ್ ಸೇರಿಸಿ ಕೊಡುತ್ತೇನೆ ಎನ್ನುವವನಿಗೆ ಪ್ರತಿಯೊಂದರ ಖರೀದಿ ರಸೀದಿ ಕೇಳಿ ನೋಡಿ.

ಇನ್ನು ಉಳಿದದ್ದು ಮನುಷ್ಯರ ಕೆಲಸ. ಅಪ್‌ಡೇಟ್ ಒತ್ತುವುದಕ್ಕೆ ಅರ್ಧ ನಿಮಿಷ ಸಾಕು. ಒತ್ತುವ ಮುಂಚೆ ಬ್ಯಾಕಪ್ ತೆಗೆದು, ಒತ್ತಿದ ಮೇಲೆ ಮೆನು ಪುಟ ಸರಿ ಇದೆಯೇ, ಫಾರ್ಮ್ ತುಂಬಿದರೆ ಇಮೇಲ್ ಬರುತ್ತದೆಯೇ ನೋಡುವುದು ಕೆಲಸ. ಫಾರ್ಮ್ ತುಂಬಿದವರಿಗೆ ‘ಧನ್ಯವಾದ’ ಎಂದು ತೋರಿಸುತ್ತ, ಇಮೇಲ್ ಮಾತ್ರ ಯಾರಿಗೂ ತಲುಪದೆ ತಿಂಗಳುಗಟ್ಟಲೆ ನಡೆಯುವ ಸೈಟುಗಳಿವೆ. ಮದುವೆ ಸೀಸನ್ನಿನಲ್ಲಿ ಹಾಗಾದರೆ ಕಳೆದುಹೋದ ಆರ್ಡರು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಈ ಕೆಲಸಕ್ಕೆ ತಿಂಗಳಿಗೆ ಸಾವಿರದಂತೆ ಎಎಂಸಿ ಕೊಟ್ಟರೆ ವರ್ಷಕ್ಕೆ 12,000. ಮಾಡುವವನ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ಜಿಎಸ್‌ಟಿ ಬೀಳದು. ಆದರೆ ಎಎಂಸಿ ಎಂಬ ಮೂರಕ್ಷರಕ್ಕೆ ಎಲ್ಲರೂ ಒಂದೇ ಅರ್ಥ ಕೊಡುವುದಿಲ್ಲ. ಕೆಲವರದು ಫೋನ್ ಮಾಡಿದರೆ ಎತ್ತುವುದಕ್ಕೆ, ಕೆಲಸಕ್ಕೆ ಬೇರೆ ಹಣ. ತಿಂಗಳಿಗೆ ಎಷ್ಟು ಗಂಟೆಯ ಬದಲಾವಣೆ ಸೇರಿದೆ, ಬ್ಯಾಕಪ್ ಎಲ್ಲಿ ಇಡುತ್ತಾರೆ, ಸೈಟ್ ಹ್ಯಾಕ್ ಆದರೆ ಸರಿಪಡಿಸುವುದು ಇದರಲ್ಲೇ ಬಂತೋ ಇಲ್ಲವೋ, ಈ ಮೂರನ್ನು ಬರೆಸಿಕೊಳ್ಳದಿದ್ದರೆ 12,000 ಕೊಟ್ಟದ್ದು ಸ್ನೇಹಕ್ಕೆ ಎಂದುಕೊಳ್ಳಬೇಕು. ಬ್ಯಾಕಪ್ ಅದೇ ಹೋಸ್ಟಿಂಗಿನ ಒಳಗೇ ಇದ್ದರೆ ಅದನ್ನು ಬ್ಯಾಕಪ್ ಎಂದು ನಾನಂತೂ ಕರೆಯುವುದಿಲ್ಲ. ಖಾತೆ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ.

ನಾಲ್ಕು ವರ್ಷಕ್ಕೊಮ್ಮೆ ಸೈಟನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ ಎಂದು ಹಿಡಿದರೆ 18,000ರ ಕಾಲು ಭಾಗ 4,500ನ್ನೂ ಪ್ರತಿ ವರ್ಷ ಎತ್ತಿಡಬೇಕು. ಎಲ್ಲ ಕೂಡಿಸಿದರೆ 46,227 ರೂಪಾಯಿ. ಇದರಲ್ಲಿ ಎಲ್ಲರೂ ಚೌಕಾಸಿ ಮಾಡುವ ಡೊಮೈನ್ ಮತ್ತು ಹೋಸ್ಟಿಂಗ್ ಎರಡೂ ಸೇರಿ 7,892 ಮಾತ್ರ. ಹೋಸ್ಟಿಂಗಿನಲ್ಲಿ ತಿಂಗಳಿಗೆ ಐವತ್ತು ಉಳಿಸಲು ವಾರಗಟ್ಟಲೆ ಹುಡುಕುವವರು ಯಾರೋ ಕೂರಿಸಿದ ಎರಡು ಪ್ಲಗಿನ್‌ಗೆ ಹೋಸ್ಟಿಂಗ್ ಬಾಡಿಗೆಯ ಮೂರು ಪಟ್ಟು ಕಟ್ಟುತ್ತಿರುತ್ತಾರೆ.

ಗ್ರಾಹಕರು ಮುಂಗಡವನ್ನು ಸೈಟಿನಲ್ಲೇ ಕಟ್ಟುವ ಏರ್ಪಾಡು ಮಾಡಿದರೆ ಪೇಮೆಂಟ್ ಗೇಟ್‌ವೇ ಖರ್ಚು ಬೇರೆ. ಕಾರ್ಡ್ ಪಾವತಿಗೆ ಶೇ 2, ಅದರ ಮೇಲೆ ಜಿಎಸ್‌ಟಿ ಎಂದು ಹಿಡಿದರೆ 3 ಲಕ್ಷಕ್ಕೆ 7,080 ಹೋಗುತ್ತದೆ. ಯುಪಿಐಗೆ 2020ರಿಂದ ವ್ಯಾಪಾರಿಯ ಮೇಲೆ ಎಂಡಿಆರ್ ಶುಲ್ಕ ಇಲ್ಲ. ಕ್ಯೂಆರ್ ಕೋಡನ್ನು ವಾಟ್ಸಾಪಿನಲ್ಲಿ ಕಳಿಸಿ ಮುಂಗಡ ಪಡೆಯುವ ಹಳೆಯ ಕ್ರಮವೇ ಕೇಟರಿಂಗ್‌ಗೆ ಲಾಭ.

ಈಗ ಕತ್ತರಿ ಹಾಕಬಹುದಾದ ಜಾಗ. ಹೆಸರು, ಫೋನ್, ದಿನಾಂಕ, ಜನರ ಸಂಖ್ಯೆ ಕೇಳುವ ಫಾರ್ಮಿಗೆ ಪ್ರೋ ಬೇಕಿಲ್ಲ, ಉಚಿತ ಫಾರ್ಮ್ ಪ್ಲಗಿನ್‌ಗಳೇ ಸಾಕು. ಇದು ಒಂದು ಮಧ್ಯಾಹ್ನದ ಕೆಲಸ. ಪೇಜ್ ಬಿಲ್ಡರ್ ಬಿಡುವುದು ಅಷ್ಟು ಸುಲಭವಲ್ಲ. ಪುಟಗಳೆಲ್ಲ ಅದರದೇ ರೀತಿಯಲ್ಲಿ ಬರೆಯಲ್ಪಟ್ಟಿರುತ್ತವೆ, ಅದನ್ನು ಕಿತ್ತರೆ ವಿನ್ಯಾಸ ಕಳಚಿಬೀಳುತ್ತದೆ. ವರ್ಡ್‌ಪ್ರೆಸ್‌ನ ಸ್ವಂತ ಬ್ಲಾಕ್ ಎಡಿಟರ್‌ನಲ್ಲಿ ಹತ್ತು ಪುಟ ಮತ್ತೆ ಕಟ್ಟಿಸಬೇಕು. ಅದಕ್ಕೆ 10,000 ಕೊಟ್ಟಿರಿ ಎನ್ನೋಣ. ತೆರಿಗೆ, ಕಾರ್ಡ್ ಶುಲ್ಕ ಎಲ್ಲ ಸೇರಿ ಬಿಲ್ಡರಿಗೆ ವರ್ಷಕ್ಕೆ ಹೋಗುತ್ತಿದ್ದದ್ದು ಸುಮಾರು 6,600. ಒಂದೂವರೆ ವರ್ಷದಲ್ಲಿ ಹಣ ಮರಳುತ್ತದೆ, ಆಮೇಲಿನದ್ದೆಲ್ಲ ಉಳಿತಾಯ. ಇನ್ನು ಎರಡು ವರ್ಷದೊಳಗೆ ಸೈಟನ್ನೇ ಹೊಸದಾಗಿ ಮಾಡಿಸುವ ಯೋಚನೆ ಇದ್ದರೆ ಈಗ ಮುಟ್ಟಬೇಡಿ, ಹೊಸದನ್ನು ಮಾಡಿಸುವಾಗ ಬಿಲ್ಡರ್ ಬೇಡ ಎಂದು ಮೊದಲೇ ಹೇಳಿ. ಐದು ಜನರವರೆಗಿನ ಇಮೇಲನ್ನು ಜೊಹೊದಂಥ ಕಂಪನಿ ಉಚಿತವಾಗಿ ಕೊಡುತ್ತದೆ. ಫೋನಿನ ಬೇರೆ ಆ್ಯಪ್‌ಗಳಲ್ಲಿ ಓದಲು ಮಿತಿಗಳಿವೆ, ಅದನ್ನು ಒಪ್ಪಿದರೆ ಆ ಸಾಲೂ ಅಳಿಯುತ್ತದೆ. ಇಷ್ಟು ಮಾಡಿದರೆ ವರ್ಷದ ಖರ್ಚು 24,392ಕ್ಕೆ ಇಳಿಯುತ್ತದೆ. ಎಎಂಸಿಗೆ ಕತ್ತರಿ ಹಾಕಿಲ್ಲ ಎಂಬುದನ್ನು ಗಮನಿಸಿ. ಪ್ಲಗಿನ್ ಕಡಿಮೆಯಾದಷ್ಟೂ ನೋಡಿಕೊಳ್ಳುವವನ ಕೆಲಸ ಕಡಿಮೆಯಾಗುತ್ತದೆ, ದರ ಇಳಿಸಿ ಎಂದು ಕೇಳಲು ಆಗ ನಿಮಗೆ ಬಾಯಿ ಇರುತ್ತದೆ. ಆದರೆ ನೋಡಿಕೊಳ್ಳುವವರೇ ಇಲ್ಲದ ವರ್ಡ್‌ಪ್ರೆಸ್ ಸೈಟ್ ಇಟ್ಟುಕೊಳ್ಳುವುದಕ್ಕಿಂತ ಸೈಟ್ ಇಲ್ಲದಿರುವುದು ಒಳ್ಳೆಯದು.

ಕೊನೆಯ ಮಾತನ್ನು ತಮಾಷೆಗೆ ಹೇಳಿದ್ದಲ್ಲ. ಆರ್ಡರುಗಳೆಲ್ಲ ಬಾಯಿಂದ ಬಾಯಿಗೆ, ಫೋನಿನಲ್ಲೇ ಬರುತ್ತಿದ್ದರೆ ಗೂಗಲ್ ಮ್ಯಾಪಿನ ವ್ಯಾಪಾರ ಪುಟ ಮತ್ತು ವಾಟ್ಸಾಪ್ ಬಿಸಿನೆಸ್ ಸಾಕು, ಎರಡೂ ಉಚಿತ. ಡೊಮೈನ್ ಹೆಸರು ಮಾತ್ರ ನಿಮ್ಮದೇ ಖಾತೆಯಲ್ಲಿ ಹಿಡಿದಿಟ್ಟುಕೊಂಡು, ಪ್ಲಗಿನ್ ಒಂದೂ ಇಲ್ಲದ ಒಂದೇ ಪುಟ ಹಾಕಿಸಿದರೆ ವರ್ಷಕ್ಕೆ ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ. ಕಂಪನಿಗಳ ಕ್ಯಾಂಟೀನ್ ಗುತ್ತಿಗೆ, ದೊಡ್ಡ ಮದುವೆಗಳ ಆರ್ಡರು ಸೈಟ್ ನೋಡಿ ಬರುತ್ತಿದ್ದರೆ 24,000 ದುಬಾರಿಯಲ್ಲ, ವರ್ಷಕ್ಕೆ ಒಂದೆರಡು ಆರ್ಡರಿನ ಲಾಭದಲ್ಲಿ ತೀರಿಹೋಗುತ್ತದೆ. ಯಾವುದು ನಿಮ್ಮ ಪರಿಸ್ಥಿತಿ ಎಂದು ತಿಳಿಯಲು ಮುಂದಿನ ಮೂರು ತಿಂಗಳು ವಿಚಾರಿಸುವ ಪ್ರತಿಯೊಬ್ಬರನ್ನೂ ‘ನಮ್ಮ ನಂಬರ್ ಎಲ್ಲಿ ಸಿಕ್ಕಿತು’ ಎಂದು ಕೇಳಿ ಪುಸ್ತಕದಲ್ಲಿ ಬರೆದಿಡಿ. ನವೀಕರಣದ ಹಣ ಕಟ್ಟುವ ಮುಂಚೆ ಆ ಪುಟ ತೆರೆದು ನೋಡಿ.